ಗಡಿಯಾರ ಸರಿಯುವ ರಾತ್ರಿಯ ಪಗಾರ: ಮಹಾಪೆಯ ರಾತ್ರಿ ಕ್ಯಾಂಟೀನುಗಳ ಲೆಕ್ಕ

ಮಹಾಪೆ, ಘನ್ಸೋಲಿ, ಕೋಪರ್‌ಖೈರಣೆ, ರಬಾಳೆ ಕಡೆಯ ಎಂಐಡಿಸಿ ವಲಯದಲ್ಲಿ ಕ್ಯಾಂಟೀನು ನಡೆಸುವ ನಮ್ಮ ಸದಸ್ಯರಿಗೆ ಒಂದು ವಿಷಯ ಗೊತ್ತೇ ಇದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ತಿಂಗಳಲ್ಲಿ ಮತ್ತು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲಲ್ಲಿ, ಕಂಪೆನಿಯ ಎಡ್ಮಿನ್ ವಿಭಾಗದಿಂದ ಒಂದು ಸೂಚನೆ ಬರುತ್ತದೆ: "ಬರುವ ವಾರದಿಂದ ಶಿಫ್ಟ್ ಒಂದು ಗಂಟೆ ಮುಂಚೆ" ಅಥವಾ "ಒಂದು ಗಂಟೆ ತಡ". ಅಲ್ಲಿನ ಹುಡುಗರು ಬ್ರಿಟನ್ ಅಥವಾ ಅಮೆರಿಕದ ಗ್ರಾಹಕರ ಫೋನು ಎತ್ತುವವರು. ಆ ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ ತರುತ್ತಾರೆ. ಅವರ ಗಡಿಯಾರ ಸರಿದರೆ ಇಲ್ಲಿ ನಮ್ಮ ಚಹಾದ ಹೊತ್ತೂ ಸರಿಯುತ್ತದೆ.

ನಾವು ಇಷ್ಟನ್ನು ಮಾತ್ರ ತಿಳಿದು ತಿಂಡಿಯ ಸಮಯ ಬದಲಿಸಿ ಸುಮ್ಮನಾಗುತ್ತೇವೆ. ಆದರೆ ಗಡಿಯಾರ ಸರಿಯುವ ಆ ಒಂದೇ ಒಂದು ರಾತ್ರಿ ಡ್ಯೂಟಿಯಲ್ಲಿದ್ದ ಕೆಲಸಗಾರನಿಗೆ ಎಷ್ಟು ಗಂಟೆಯ ಪಗಾರ ಕೊಡಬೇಕು ಎನ್ನುವುದನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ಒಬ್ಬನಿಗೆ ಒಂದು ಗಂಟೆ ಎಂದರೆ ಸಣ್ಣ ಮೊತ್ತ. ಹದಿನೈದು ಮಂದಿಗೆ, ಪ್ರತಿ ವರ್ಷ, ನಾಲ್ಕಾರು ವರ್ಷ ಬಿಟ್ಟುಹೋದರೆ ಅದು ಸಣ್ಣದಲ್ಲ. ಒಳ್ಳೆಯ ಅಡುಗೆಯವನು ಬೇಸರದಿಂದ ಪಕ್ಕದ ಕ್ಯಾಂಟೀನಿಗೆ ಹೋಗಲು ಅಷ್ಟು ಸಾಕು. ಆದ್ದರಿಂದ ಈ ಸಲ ಇದೊಂದೇ ವಿಷಯವನ್ನು ಬಿಡಿಸಿ ನೋಡೋಣ.

ನಮ್ಮ ಗಡಿಯಾರ ಸರಿಯುವುದಿಲ್ಲ

ಮೊದಲು ಮನಸ್ಸಿನಲ್ಲಿ ಇಡಬೇಕಾದ ಮಾತು ಇದು. ಭಾರತದಲ್ಲಿ ಈಗ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರ ತನಕ ಇಡೀ ದೇಶದ ಸಮಯವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಇಂದು ನಮ್ಮ ರಾತ್ರಿಗೆ ಅಂಥ ಏರುಪೇರು ಇಲ್ಲ.

ಹಾಗಿದ್ದರೆ ತೊಂದರೆ ಎಲ್ಲಿಂದ? ಶಿಫ್ಟನ್ನು ಪರದೇಶದ ಗಡಿಯಾರಕ್ಕೆ ಕಟ್ಟಿಹಾಕಿರುವುದರಿಂದ. ಕಂಪೆನಿಯವರ ಪಟ್ಟಿಯಲ್ಲಿ "ಲಂಡನ್ ಸಮಯ ಸಂಜೆ 6ರಿಂದ ರಾತ್ರಿ 2" ಎಂದು ಇರುತ್ತದೆ. ಕಾಗದದ ಮೇಲೆ ಅದು ಯಾವಾಗಲೂ 8 ಗಂಟೆ. ಆದರೆ ಲಂಡನ್ನಿನ ಗಡಿಯಾರ ಜಿಗಿಯುವ ರಾತ್ರಿ ಆ ಅವಧಿ ನಿಜವಾಗಿ 7 ಗಂಟೆ ಅಥವಾ 9 ಗಂಟೆ ಆಗುತ್ತದೆ. ನಮ್ಮ ಮನುಷ್ಯ ಒಲೆಯ ಮುಂದೆ ನಿಂತದ್ದು ಎಷ್ಟು ಹೊತ್ತು ಎಂಬುದನ್ನು ಮಹಾಪೆಯ ಗೋಡೆ ಗಡಿಯಾರ ಮಾತ್ರ ಸರಿಯಾಗಿ ಹೇಳಬಲ್ಲದು. ಹಾಗಾಗಿ ನಿಯಮ ಒಂದೇ: ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಭಾರತದ ಸಮಯದಲ್ಲೇ ಬರೆಯಬೇಕು.

ಯಾವ ದೇಶ, ಯಾವ ಹೊತ್ತು

ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಬರುತ್ತದೆ. ಎರಡು ಸಲವೂ ಅದು ನಡೆಯುವುದು ನಮ್ಮ ಭಾನುವಾರ ಬೆಳಿಗ್ಗೆ 6.30ಕ್ಕೆ. ಅಂದರೆ ನಮ್ಮ ಶನಿವಾರದ ರಾತ್ರಿ ಪಾಳಿಯ ಬಾಲಕ್ಕೆ ಸರಿಯಾಗಿ ತಾಗುತ್ತದೆ. 2026ರಲ್ಲಿ ಈ ದಿನಗಳು ಮಾರ್ಚ್ 29 ಮತ್ತು ಅಕ್ಟೋಬರ್ 25.

ಅಮೆರಿಕದಲ್ಲಿ 2007ರಿಂದ ಮಾರ್ಚ್ ತಿಂಗಳ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಬದಲಾವಣೆ. 2026ರಲ್ಲಿ ಮಾರ್ಚ್ 8 ಮತ್ತು ನವೆಂಬರ್ 1. ಅಲ್ಲಿ ರಾತ್ರಿ 2 ಗಂಟೆಗೆ ಗಡಿಯಾರ ತಿರುಗಿಸುತ್ತಾರೆ. ನ್ಯೂಯಾರ್ಕಿನ ರಾತ್ರಿ 2 ಎಂದರೆ ನಮಗೆ ಮಾರ್ಚ್‌ನಲ್ಲಿ ಭಾನುವಾರ ಮಧ್ಯಾಹ್ನ 12.30, ನವೆಂಬರ್‌ನಲ್ಲಿ ಬೆಳಿಗ್ಗೆ 11.30. ಇಲ್ಲಿ ಒಂದು ವಿಚಿತ್ರ ಗಮನಿಸಿ. ಅವರ ರಾತ್ರಿ ಪಾಳಿ ನಮ್ಮ ಹಗಲು ಪಾಳಿ. ದಿನದ 24 ಗಂಟೆಯೂ ತೆರೆದಿರುವ ಅಮೆರಿಕನ್ ಕೆಲಸದ ಕಚೇರಿಯಲ್ಲಿ ಕ್ಯಾಂಟೀನು ಇದ್ದರೆ, ಗಿಡ್ಡವಾಗುವುದು ಅಥವಾ ಉದ್ದವಾಗುವುದು ಭಾನುವಾರದ ಹಗಲು ಪಾಳಿಯೇ ಹೊರತು ರಾತ್ರಿ ಪಾಳಿಯಲ್ಲ. ಅವರ ರಾತ್ರಿ 10ರಿಂದ ಬೆಳಿಗ್ಗೆ 6ರ ಪಾಳಿ ಮಾರ್ಚ್‌ನ ಆ ದಿನ ನಮ್ಮಲ್ಲಿ 8.30ರಿಂದ 3.30, ಅಂದರೆ 7 ಗಂಟೆ. ನವೆಂಬರ್‌ನ ಆ ದಿನ 7.30ರಿಂದ 4.30, ಅಂದರೆ 9 ಗಂಟೆ.

ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ನಡೆಯುವ ಅಮೆರಿಕನ್ ಕೆಲಸವಾದರೆ ಪಗಾರದ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ. ಭಾನುವಾರ ಯಾರೂ ಡ್ಯೂಟಿಯಲ್ಲಿ ಇರುವುದಿಲ್ಲ. ಅವರ ಬೆಳಿಗ್ಗೆ 9ರ ಕಚೇರಿ ಚಳಿಗಾಲದಲ್ಲಿ ನಮ್ಮ ಸಂಜೆ 7.30ಕ್ಕೆ, ಬೇಸಿಗೆಯಲ್ಲಿ 6.30ಕ್ಕೆ ಶುರುವಾಗುತ್ತದೆ, ಬರುವ ಹೊತ್ತು, ಹೋಗುವ ಹೊತ್ತು ಎರಡೂ ಒಟ್ಟಿಗೆ ಸರಿಯುವುದರಿಂದ ಗಂಟೆಗಳ ಮೊತ್ತ ಹಾಗೆಯೇ ಉಳಿಯುತ್ತದೆ.

ಒಂದೇ ಕಟ್ಟಡದಲ್ಲಿ ಬ್ರಿಟನ್, ಅಮೆರಿಕ ಎರಡೂ ಕೆಲಸ ಇದ್ದಲ್ಲಿ ಎರಡು ದಿನಾಂಕಗಳನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಎರಡಕ್ಕೂ ನಡುವೆ ಎರಡು ಅಥವಾ ಮೂರು ವಾರ, ಅಕ್ಟೋಬರ್‌ನಲ್ಲಿ ಒಂದು ವಾರ ಅಂತರ ಇರುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಹೆಚ್ಚಿನ ಭಾಗದಲ್ಲಿ ಗಡಿಯಾರ ತಿರುಗಿಸುವುದೇ ಇಲ್ಲ. ಆ ಕಡೆಯ ಕೆಲಸ ಮಾಡುವ ಕಚೇರಿಗೆ ಇಡೀ ವರ್ಷ ಒಂದೇ ಸಮಯ.

ಒಂದು ಉದಾಹರಣೆ ಬಿಡಿಸಿ ನೋಡೋಣ

24 ಗಂಟೆಯೂ ನಡೆಯುವ ಬ್ರಿಟನ್ ಕೆಲಸದ ಒಂದು ಕಚೇರಿ ಎಂದು ಇಟ್ಟುಕೊಳ್ಳಿ. ರಾತ್ರಿ ಪಾಳಿ ಲಂಡನ್ ಸಮಯ ಸಂಜೆ 6ರಿಂದ ರಾತ್ರಿ 2. ನಮ್ಮ ರಾತ್ರಿಯ ಅಡುಗೆಯವನಿಗೂ ಅದೇ ಹೊತ್ತು. ಚಳಿಗಾಲದಲ್ಲಿ ಅದು ನಮ್ಮ ರಾತ್ರಿ 11.30ರಿಂದ ಬೆಳಿಗ್ಗೆ 7.30. ಬೇಸಿಗೆಯಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 6.30. ಎರಡೂ 8 ಗಂಟೆ. ಸೋಮವಾರದಿಂದ ಶನಿವಾರದ ತನಕ ಆರು ರಾತ್ರಿ ಕೆಲಸ, ಭಾನುವಾರ ರಾತ್ರಿ ರಜೆ. ವಾರಕ್ಕೆ 48 ಗಂಟೆ.

ಲೆಕ್ಕ ಸುಲಭವಾಗಲೆಂದು ಅವನ ತಿಂಗಳ ಪಗಾರ 20,800 ರೂಪಾಯಿ ಎಂದು ಹಿಡಿಯೋಣ. 26 ದಿನದಿಂದ ಭಾಗಿಸಿದರೆ ದಿನಕ್ಕೆ 800, ಎಂಟರಿಂದ ಭಾಗಿಸಿದರೆ ಗಂಟೆಗೆ 100. ಊಟದ ಅರ್ಧ ಗಂಟೆಯನ್ನು ಡ್ಯೂಟಿಯಲ್ಲೇ ಹಿಡಿದಿದ್ದೇವೆ. ಅದನ್ನು ಕಳೆಯುವ ಪದ್ಧತಿ ಇರುವವರು ಎಲ್ಲ ರಾತ್ರಿಯೂ ಒಂದೇ ರೀತಿ ಕಳೆಯಬೇಕು, ಉದ್ದದ ರಾತ್ರಿ ಮಾತ್ರ ಹೆಚ್ಚು ಕಳೆಯುವಂತಿಲ್ಲ.

ಮಾರ್ಚ್ ಕೊನೆಯ ಶನಿವಾರ. ಅಡುಗೆಯವನು ಚಳಿಗಾಲದ ಸಮಯದಂತೆ ರಾತ್ರಿ 11.30ಕ್ಕೆ ಬರುತ್ತಾನೆ. ಭಾನುವಾರ ಬೆಳಿಗ್ಗೆ 6.30ಕ್ಕೆ ಲಂಡನ್ನಿನಲ್ಲಿ ಗಂಟೆ 1 ಆಗಬೇಕಾದಲ್ಲಿ ಗಡಿಯಾರ 2ಕ್ಕೆ ಜಿಗಿಯುತ್ತದೆ. ಪಾಳಿ ಅಲ್ಲಿಗೇ ಮುಗಿಯಿತು. ಅವನು ದುಡಿದದ್ದು 7 ಗಂಟೆ.

ಅಕ್ಟೋಬರ್ ಕೊನೆಯ ಶನಿವಾರ. ಅವನು ಬೇಸಿಗೆಯ ಸಮಯದಂತೆ ರಾತ್ರಿ 10.30ಕ್ಕೆ ಬರುತ್ತಾನೆ. ಭಾನುವಾರ ಬೆಳಿಗ್ಗೆ 6.30ಕ್ಕೆ ಲಂಡನ್ನಿನಲ್ಲಿ 2 ಆಗುವಷ್ಟರಲ್ಲಿ ಗಡಿಯಾರ ಹಿಂದಕ್ಕೆ 1ಕ್ಕೆ ಬರುತ್ತದೆ. ಮತ್ತೊಂದು ಸಲ 2 ಆಗುವ ತನಕ, ಅಂದರೆ ನಮ್ಮ 7.30ರ ತನಕ, ಕಚೇರಿಯವರು ಕುರ್ಚಿ ಬಿಡುವುದಿಲ್ಲ, ನಮ್ಮವನು ಒಲೆ ಬಿಡುವುದಿಲ್ಲ. ಅವನು ದುಡಿದದ್ದು 9 ಗಂಟೆ.

ಏಳು ಗಂಟೆಯ ರಾತ್ರಿ

ಮಾರ್ಚ್‌ನ ಆ ರಾತ್ರಿ ಒಂದು ಗಂಟೆ ಕಡಿಮೆ ಆಯಿತೆಂದು 100 ರೂಪಾಯಿ ಹಿಡಿಯಬಹುದೇ? ಹಿಡಿಯಬಾರದು. ತಿಂಗಳ ಪಗಾರದವನಿಗಂತೂ ಪ್ರಶ್ನೆಯೇ ಇಲ್ಲ. ಅವನು ಕರೆದ ಹೊತ್ತಿಗೆ ಬಂದಿದ್ದಾನೆ, ಬಿಟ್ಟ ಹೊತ್ತಿಗೆ ಹೋಗಿದ್ದಾನೆ. ದಿನಗೂಲಿಯವನ ವಿಷಯದಲ್ಲಿಯೂ ಕಾನೂನು ಸ್ಪಷ್ಟವಾಗಿದೆ. ಕೆಲಸಗಾರ ದುಡಿಯಲು ಸಿದ್ಧನಿದ್ದು, ಮಾಲಕನ ಕಡೆಯಿಂದ ಪೂರ್ತಿ ದಿನದ ಕೆಲಸ ಸಿಗದೆ ಹೋದರೆ, ಅವನಿಗೆ ಪೂರ್ತಿ ದಿನದ ಕೂಲಿ ಸಲ್ಲಬೇಕು ಎನ್ನುವ ನಿಯಮ 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಮಿನಲ್ಲಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯ 10ನೇ ಕಲಮಿನಲ್ಲಿಯೂ ಅದೇ ಮಾತು ಇದೆ. ಅವನೇ ಕೆಲಸ ಒಲ್ಲೆ ಎಂದು ಮನೆಗೆ ಹೋದರೆ ಮಾತ್ರ ಬೇರೆ ಮಾತು. ಲಂಡನ್ನಿನ ಗಡಿಯಾರ ಜಿಗಿದದ್ದು ಅವನ ತಪ್ಪಲ್ಲ.

ಹಾಗಾಗಿ ಮಾರ್ಚ್‌ನ ಆ ರಾತ್ರಿಗೆ ಪೂರ್ತಿ 800 ರೂಪಾಯಿ. ಹಾಜರಿ ಪುಸ್ತಕದಲ್ಲಿ ಮಾತ್ರ 11.30ರಿಂದ 6.30, 7 ಗಂಟೆ ಎಂದೇ ಬರೆಯಿರಿ. ಪಗಾರ ಎಂಟರದ್ದು ಕೊಡುತ್ತೇವೆಂದು ಎಂಟು ಗಂಟೆ ಎಂದು ಬರೆಯಬೇಡಿ. ಹಾಜರಿ ಬೇರೆ, ಪಗಾರ ಬೇರೆ. ಆ ವಾರ ಅವನು ದುಡಿದದ್ದು 47 ಗಂಟೆ ಎಂಬ ದಾಖಲೆ ನಮಗೂ ಬೇಕಾಗುತ್ತದೆ.

ಒಂಬತ್ತು ಗಂಟೆಯ ರಾತ್ರಿ

ಅಕ್ಟೋಬರ್‌ನ ರಾತ್ರಿಯಲ್ಲಿ ದಿನದ ಮಿತಿಯನ್ನು ನೋಡಬೇಕು, ವಾರದ ಮಿತಿಯನ್ನೂ ನೋಡಬೇಕು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಅದನ್ನು ಮೀರಿದರೆ ಓವರ್‌ಟೈಮ್, ಸಾಮಾನ್ಯ ದರದ ಎರಡು ಪಟ್ಟು. 2025ರಲ್ಲಿ ರಾಜ್ಯ ಸರಕಾರ 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ದಿನದ ಮಿತಿಯನ್ನು 10 ಗಂಟೆಗೆ ಏರಿಸುವ ತೀರ್ಮಾನ ಮಾಡಿತು. ವಾರದ 48 ಹಾಗೆಯೇ ಉಳಿಯಿತು. ಕಾರ್ಖಾನೆಯ ಆವರಣದೊಳಗಿನ ಕ್ಯಾಂಟೀನಿಗೆ ಬೇರೆ ಕಾನೂನು ಅನ್ವಯಿಸಬಹುದು. ನಿಮ್ಮ ಲೈಸೆನ್ಸು ಯಾವುದರ ಅಡಿಯಲ್ಲಿದೆ ಎಂದು ನಿಮ್ಮ ಲೇಬರ್ ಕನ್ಸಲ್ಟೆಂಟರಲ್ಲಿ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಕೆಲವು ಮಾಲಕರು ಇಲ್ಲಿಗೇ ನಿಲ್ಲುತ್ತಾರೆ. "ದಿನಕ್ಕೆ 9ರ ತನಕ ಅವಕಾಶ ಇದೆ, ಅವನು ದುಡಿದದ್ದು 9, ಮೀರಲಿಲ್ಲ, ಓವರ್‌ಟೈಮ್ ಇಲ್ಲ" ಎನ್ನುತ್ತಾರೆ. ಇದು ಅರ್ಧ ಲೆಕ್ಕ. ವಾರದ ಮೊತ್ತ ನೋಡಿ. ಸೋಮವಾರದಿಂದ ಶುಕ್ರವಾರದ ಐದು ರಾತ್ರಿ 40 ಗಂಟೆ. ಶನಿವಾರ 9. ಒಟ್ಟು 49. ವಾರದ ಮಿತಿ ಒಂದು ಗಂಟೆ ಮೀರಿತು. ಆ ಒಂದು ಗಂಟೆಗೆ 100ರ ಎರಡು ಪಟ್ಟು, 200 ರೂಪಾಯಿ ಸಲ್ಲಬೇಕು. ಶನಿವಾರದ ರಾತ್ರಿಗೆ ಅವನ ಗಳಿಕೆ 800 ಮತ್ತು 200, ಒಟ್ಟು 1,000.

ಅದೇ ವಾರ ಅವನು ಬುಧವಾರ ರಜೆ ಹಾಕಿದ್ದರೆ ಮೊತ್ತ 41 ಮಾತ್ರ. ವಾರದ ಮಿತಿ ಮೀರಿಲ್ಲ, ಎರಡು ಪಟ್ಟು ಕೊಡುವ ಕಡ್ಡಾಯ ಆ ಲೆಕ್ಕದಿಂದ ಬರುವುದಿಲ್ಲ. ಆದರೆ ನಾವು ಮಾತಾಡಿಕೊಂಡದ್ದು 8 ಗಂಟೆಗೆ 800 ಎಂದು. ಒಂಬತ್ತನೇ ಗಂಟೆಯನ್ನು ಪುಕ್ಕಟೆ ಎನ್ನಲಾಗದು. ಕಡಿಮೆ ಎಂದರೂ 100 ಕೊಡಬೇಕು. ಒಬ್ಬನಿಗೆ 100, ಪಕ್ಕದವನಿಗೆ 200 ಎಂದು ಅಡುಗೆಮನೆಯಲ್ಲಿ ಚರ್ಚೆ ಬೇಡ ಎನ್ನುವವರು ಆ ಒಂದು ಗಂಟೆಗೆ ಎಲ್ಲರಿಗೂ 200 ಎಂದೇ ನಿಗದಿ ಮಾಡಿಕೊಂಡರೆ ತೊಂದರೆ ಇಲ್ಲ. ಕಾನೂನು ಹೇಳುವುದು ಕನಿಷ್ಠವನ್ನು.

ಆ ಗಂಟೆ ಎಲ್ಲಿ ಮಾಯವಾಗುತ್ತದೆ

ಈಗ ಮುಖ್ಯ ವಿಷಯಕ್ಕೆ ಬಂದೆವು. ಲೆಕ್ಕ ಬರೆಯುವ ಗುಮಾಸ್ತನಾಗಲಿ ಕಂಪ್ಯೂಟರ್ ಆಗಲಿ ರಾತ್ರಿ 12ಕ್ಕೆ ದಿನವನ್ನು ಕತ್ತರಿಸುತ್ತದೆ. 12ರ ತನಕ ಶನಿವಾರ, ಆಮೇಲೆ ಭಾನುವಾರ. ವಾರವೂ ಹಾಗೆಯೇ ಶನಿವಾರ ನಡುರಾತ್ರಿಗೆ ಮುಗಿಯುತ್ತದೆ. ಹೀಗೆ ಕತ್ತರಿಸಿದರೆ ನಮ್ಮ ಉದಾಹರಣೆಯಲ್ಲಿ ಏನಾಗುತ್ತದೆ ನೋಡಿ.

ಬೇಸಿಗೆಯ ಪಾಳಿಯಲ್ಲಿ ರಾತ್ರಿ 12ಕ್ಕೆ ಮೊದಲು ಒಂದೂವರೆ ಗಂಟೆ, ಆಮೇಲೆ ಆರೂವರೆ ಗಂಟೆ. ಚಳಿಗಾಲದ ಪಾಳಿಯಲ್ಲಿ ಮೊದಲು ಅರ್ಧ ಗಂಟೆ, ಆಮೇಲೆ ಏಳೂವರೆ.

ಬದಲಾವಣೆಗೆ ಮೊದಲ ವಾರ: ಹಿಂದಿನ ಶನಿವಾರದ ಪಾಳಿಯಿಂದ ಭಾನುವಾರಕ್ಕೆ ಬಂದ ಆರೂವರೆ, ಸೋಮವಾರದಿಂದ ಶುಕ್ರವಾರದ 40, ಈ ಶನಿವಾರ ನಡುರಾತ್ರಿಯ ತನಕ ಒಂದೂವರೆ. ಒಟ್ಟು 48.

ಬದಲಾವಣೆಯ ನಂತರದ ವಾರ: ಶನಿವಾರದ ಉದ್ದ ಪಾಳಿಯಿಂದ ಭಾನುವಾರಕ್ಕೆ ಬಂದ ಏಳೂವರೆ, ಐದು ರಾತ್ರಿಯ 40, ಮುಂದಿನ ಶನಿವಾರ ಚಳಿಗಾಲದ ಪಾಳಿಯ ಅರ್ಧ ಗಂಟೆ. ಒಟ್ಟು ಮತ್ತೆ 48.

ಎರಡು ವಾರವೂ 48! ಅವನು ನಿಜವಾಗಿ ದುಡಿದ ಆ ಒಂದು ಗಂಟೆ ಯಾವ ವಾರದಲ್ಲಿಯೂ ಕಾಣುವುದಿಲ್ಲ. ಯಾರೂ ಕದ್ದಿಲ್ಲ, ಕೂಡಿಸುವುದರಲ್ಲಿ ತಪ್ಪಿಲ್ಲ, ಆದರೂ 200 ರೂಪಾಯಿ ಮಾಯ. ಮುಂದೆ ಒಂದು ದಿನ ಕೆಲಸಗಾರ ಬೆರಳು ಮಡಚಿ ಲೆಕ್ಕ ಹೇಳಿದಾಗ ಮಾಲಕನ ಕಡೆ ಉತ್ತರ ಇರುವುದಿಲ್ಲ.

ಇದಕ್ಕೆ ಮದ್ದು ಹಳೆಯದೇ ಇದೆ. 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಮು ರಾತ್ರಿ ಪಾಳಿಗೆಂದೇ ಬರೆದದ್ದು: ನಡುರಾತ್ರಿ ದಾಟುವ ಪಾಳಿಯಲ್ಲಿ 12ರ ನಂತರ ದುಡಿದ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು, ಆ ಕೆಲಸಗಾರನ ಮರುದಿನ ಶುರುವಾಗುವುದು ಪಾಳಿ ಮುಗಿದ ಮೇಲೆ, ಅವನ ವಾರದ ರಜೆಯ 24 ಗಂಟೆಯೂ ಪಾಳಿ ಮುಗಿದ ಹೊತ್ತಿನಿಂದಲೇ. ಹೋಟೆಲಿನ ಹಾಜರಿ ಪುಸ್ತಕಕ್ಕೂ ಇದೇ ಕ್ರಮ ಹಿಡಿದರೆ ಗೊಂದಲ ಇಲ್ಲ. ಪಾಳಿ ಶುರುವಾದ ದಿನದ ಹೆಸರಿನಲ್ಲೇ ಇಡೀ ಪಾಳಿಯನ್ನು ಬರೆಯಿರಿ. ಶನಿವಾರ ರಾತ್ರಿ 10.30ಕ್ಕೆ ಬಂದವನ 9 ಗಂಟೆಯೂ ಶನಿವಾರದ ಸಾಲಿನಲ್ಲಿ. ಆಗ ವಾರ 49 ಎಂದು ಕಣ್ಣಿಗೆ ಕಾಣುತ್ತದೆ. ಭಾನುವಾರದ ಸಾಲಿನಲ್ಲಿ "ರಜೆ" ಎಂದೇ ಇರುತ್ತದೆ, ರಜೆಯ ದಿನ ದುಡಿಸಿದ್ದಾರೆ ಎಂಬ ತಪ್ಪು ಅರ್ಥವೂ ಬರುವುದಿಲ್ಲ.

ಮೆಶಿನ್ ಏನು ಹೇಳುತ್ತದೆ

ಈಗ ಹೆಚ್ಚಿನ ಕಡೆ ಬೆರಳಚ್ಚು ಅಥವಾ ಕಾರ್ಡಿನ ಮೆಶಿನ್ ಇದೆ. ನಮ್ಮದೇ ಮೆಶಿನ್ ಆದರೆ ಅದು ಭಾರತದ ಸಮಯವನ್ನೇ ತೋರಿಸುತ್ತದೆ. ಕಂಪೆನಿಯ ಗೇಟಿನ ಮೆಶಿನಿನ ಪಟ್ಟಿಯನ್ನೇ ತೆಗೆದುಕೊಂಡು ಪಗಾರ ಮಾಡುವವರು ಒಂದು ಪರೀಕ್ಷೆ ಮಾಡಬೇಕು. ಕೆಲವು ಕಂಪೆನಿಗಳ ಪಟ್ಟಿ ಗ್ರಾಹಕ ದೇಶದ ಸಮಯದಲ್ಲಿ ಬರುತ್ತದೆ. ಅದರಲ್ಲಿ ಅಕ್ಟೋಬರ್‌ನ ಆ ರಾತ್ರಿಯೂ ಒಳಗೆ ಬಂದದ್ದು 18.00, ಹೊರಗೆ ಹೋದದ್ದು 02.00 ಎಂದೇ ಇರುತ್ತದೆ, ಕಳೆದರೆ 8. ಮಾರ್ಚ್‌ನಲ್ಲಿಯೂ ಅದೇ 8.

ಹಾಗಾಗಿ ಗುರುತು ಹಿಡಿಯುವುದು ಸುಲಭ. ಗಡಿಯಾರ ಸರಿದ ರಾತ್ರಿಯ ಪಟ್ಟಿಯಲ್ಲಿ ಎಲ್ಲರದ್ದೂ ಎಂದಿನಂತೆ ಸರಿಯಾಗಿ 8 ಗಂಟೆ ಎಂದು ಬಂದಿದ್ದರೆ ಆ ಪಟ್ಟಿಯನ್ನು ನಂಬಬೇಡಿ. ಇನ್ನೊಂದು ಗುರುತು: ಅಕ್ಟೋಬರ್‌ನಲ್ಲಿ ಲಂಡನ್ನಿನ 1ರಿಂದ 2ರ ನಡುವಿನ ಸಮಯ ಎರಡು ಸಲ ಬರುತ್ತದೆ. 1.20ಕ್ಕೆ ಹೊರಹೋದ ಎಂದು ಇದ್ದರೆ ಅದು ನಮ್ಮ 5.50 ಅಥವಾ 6.50 ಯಾವುದೂ ಆಗಿರಬಹುದು. ಅದನ್ನು ರಾತ್ರಿಯ ಸುಪರ್ವೈಸರ್ ಕೈಯಲ್ಲಿ ಬರೆದ ಪುಸ್ತಕದಿಂದ ಮಾತ್ರ ಬಿಡಿಸಬಹುದು. ಆದ್ದರಿಂದ ವರ್ಷದ ಈ ಎರಡು ರಾತ್ರಿ ಮಾತ್ರವಾದರೂ ಗೋಡೆ ಗಡಿಯಾರ ನೋಡಿ ಕೈಯಲ್ಲಿ ಬರೆದು, ಕೆಲಸಗಾರನ ಸಹಿ ಹಾಕಿಸಿ ಇಡಿ.

ಎಕ್ಸೆಲ್‌ನಲ್ಲಿ ಲೆಕ್ಕ ಇಡುವವರಿಗೆ: ಬಂದ ಹೊತ್ತು A2ರಲ್ಲಿ, ಹೋದ ಹೊತ್ತು B2ರಲ್ಲಿ ಭಾರತದ ಸಮಯದಂತೆ ಹಾಕಿ ಈ ಸೂತ್ರ ಬರೆದರೆ ನಡುರಾತ್ರಿ ದಾಟಿದರೂ ಗಂಟೆ ಸರಿಯಾಗಿ ಬರುತ್ತದೆ. ಉತ್ತರದ ಕೋಶವನ್ನು ಸಾಮಾನ್ಯ ಸಂಖ್ಯೆಯ ರೂಪದಲ್ಲಿ ಇಡಬೇಕು.

```
=MOD(B2-A2,1)*24
```

22:30 ಮತ್ತು 7:30 ಹಾಕಿದರೆ 9 ಎಂದು ತೋರಿಸಬೇಕು. 23:30 ಮತ್ತು 6:30 ಹಾಕಿದರೆ 7.

ಬದಲಿಗೆ ಬರುವವನ ವಿಷಯ

ಗಡಿಯಾರದ ರಾತ್ರಿ ಒಬ್ಬನ ಲೆಕ್ಕದಿಂದ ಮುಗಿಯುವುದಿಲ್ಲ, ಬೆಳಿಗ್ಗೆ ಬದಲಿಗೆ ಬರುವವನೂ ಇದ್ದಾನೆ. ಅಕ್ಟೋಬರ್‌ನಲ್ಲಿ ಅವನು ರೂಢಿಯಂತೆ 6.30ಕ್ಕೇ ಬಂದರೆ ಒಂದು ಗಂಟೆ ಇಬ್ಬರು ನಿಂತಿರುತ್ತಾರೆ. ನಾವು ಮೊದಲೇ ಹೇಳದೆ ಅವನು ಬಂದಿದ್ದು, ಇಡ್ಲಿ ಹಿಟ್ಟು ಹುಯ್ಯಲು ಕೈ ಹಾಕಿದ್ದರೆ ಅದು ಅವನ ಡ್ಯೂಟಿಯೇ. ಮಾರ್ಚ್‌ನಲ್ಲಿ ಇದಕ್ಕೆ ತಿರುಗುಮುರುಗು: 6.30ಕ್ಕೆ ಬರಬೇಕಾದವನು 7.30ಕ್ಕೆ ಬರುತ್ತಾನೆ, ರಾತ್ರಿಯವನು ಅಷ್ಟು ಹೊತ್ತು ಕೌಂಟರ್ ಹಿಡಿದು ನಿಲ್ಲುತ್ತಾನೆ. ಆಗ ರಾತ್ರಿಯವನ ಹಾಜರಿ 8 ಗಂಟೆ, ಪಗಾರ ಎಂದಿನ 800, ವಾರ 48. ಹೆಚ್ಚಿನ ಹಣ ಬರುವುದಿಲ್ಲ, ಆದರೆ ಪುಸ್ತಕದಲ್ಲಿ 7 ಎಂದು ಬರೆಯುವಂತಿಲ್ಲ.

ಅಮೆರಿಕದ ಸೋಮವಾರ–ಶುಕ್ರವಾರದ ಪಾಳಿಯಲ್ಲಿ ಇನ್ನೊಂದು ಸಂಗತಿ ಇದೆ. ಬೇಸಿಗೆ ಸಮಯ ಬಂದಾಗ ಪಾಳಿ 4.30ರ ಬದಲು 3.30ಕ್ಕೇ ಮುಗಿಯುತ್ತದೆ. ಮಹಾಪೆಗೆ ರೈಲು ಇಲ್ಲ. ಘನ್ಸೋಲಿ ಅಥವಾ ಕೋಪರ್‌ಖೈರಣೆಗೆ ಹೋಗಿ ಲೋಕಲ್ ಹಿಡಿಯಬೇಕು, ಡೊಂಬಿವಿಲಿ, ಕಲ್ಯಾಣದವರು ಶೀಳ್‌ಫಾಟಾ ರಸ್ತೆ ಹಿಡಿಯಬೇಕು. ಹುಡುಗರು ಬೆಳಕು ಹರಿಯುವ ತನಕ ಕ್ಯಾಂಟೀನಿನಲ್ಲೇ ಕೂರುತ್ತಾರೆ. ಸುಮ್ಮನೆ ಮಲಗಿದ್ದರೆ ಅದು ಡ್ಯೂಟಿ ಅಲ್ಲ. "ಹೇಗೂ ಇದ್ದೀಯಲ್ಲ, ತರಕಾರಿ ಹೆಚ್ಚು" ಎಂದೆವೋ, ಆ ಕ್ಷಣದಿಂದ ಡ್ಯೂಟಿ. ಇದು ಒಂದು ರಾತ್ರಿಯ ಮಾತಲ್ಲ, ನವೆಂಬರ್ ತನಕ ನಡೆಯುವಂಥದ್ದು. ಆದ್ದರಿಂದ ಮೊದಲ ವಾರದಲ್ಲೇ ತೀರ್ಮಾನ ಮಾಡಿಕೊಳ್ಳಿ.

"ಹೋದ ಗಂಟೆ, ಬಂದ ಗಂಟೆ ಸಮ" ಎಂಬ ಮಾತು

ಮಾರ್ಚ್‌ನಲ್ಲಿ ಒಂದು ಗಂಟೆ ಕಡಿಮೆ ದುಡಿದು ಪೂರ್ತಿ ಪಗಾರ ತೆಗೆದುಕೊಂಡ, ಅಕ್ಟೋಬರ್‌ನಲ್ಲಿ ಒಂದು ಗಂಟೆ ಹೆಚ್ಚು ದುಡಿದ, ಎರಡಕ್ಕೂ ಸಮ ಎಂದು ವಜಾ ಮಾಡಿಬಿಡುವವರಿದ್ದಾರೆ. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಿಲ್ಲುವುದಿಲ್ಲ. ಓವರ್‌ಟೈಮ್ ಲೆಕ್ಕ ಆಯಾ ವಾರದ್ದು. ಏಳು ತಿಂಗಳ ಹಿಂದಿನ ವಾರದಿಂದ ಗಂಟೆ ಎರವಲು ತರಲಾಗುವುದಿಲ್ಲ. ಮಾರ್ಚ್‌ನ ಗಂಟೆಗೆ ಪಗಾರ ಕೊಟ್ಟದ್ದು ದಾಕ್ಷಿಣ್ಯಕ್ಕಲ್ಲ, ಅದು ಅವನಿಗೆ ಸಲ್ಲಬೇಕಾದದ್ದೇ. ಇನ್ನು ನಮ್ಮ ಉದ್ಯಮದ ರೀತಿ ಎಲ್ಲರಿಗೂ ಗೊತ್ತು: ಮಾರ್ಚ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದವನು ಮೇ ತಿಂಗಳಲ್ಲಿ ಊರಿಗೆ ಹೋದರೆ ಮಳೆಗಾಲ ಮುಗಿಸಿ ಬರುತ್ತಾನೋ ಇಲ್ಲವೋ. ಅಕ್ಟೋಬರ್‌ನಲ್ಲಿ ಒಲೆ ಮುಂದೆ ನಿಂತವನು ಬೇರೆಯವನು. ಒಬ್ಬ ಉಳಿಸಿದ ಗಂಟೆಯನ್ನು ಇನ್ನೊಬ್ಬನ ಪಗಾರದಲ್ಲಿ ಹಿಡಿಯುವುದು ಹೇಗೆ?

ಗಡಿಯಾರವೇ ಸರಿಯುವ ಊರಿನಲ್ಲಿ

ನಮ್ಮವರ ಮಕ್ಕಳು, ಅಳಿಯಂದಿರು ಅಮೆರಿಕದಲ್ಲಿಯೂ ಹೋಟೆಲು ನಡೆಸುತ್ತಾರೆ. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರ ಪಾಳಿಯವನ ಗೋಡೆ ಗಡಿಯಾರವೇ ಸರಿಯುತ್ತದೆ. ಮಾರ್ಚ್‌ನಲ್ಲಿ ಅವನು 7 ಗಂಟೆ ದುಡಿಯುತ್ತಾನೆ, ನವೆಂಬರ್‌ನಲ್ಲಿ 9. ಅಲ್ಲಿನ 1938ರ ಕಾರ್ಮಿಕ ಕಾನೂನು ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಎನ್ನುತ್ತದೆ. ಗಂಟೆಗೆ 15 ಡಾಲರಿನಂತೆ ಐದು ರಾತ್ರಿ ದುಡಿಯುವವನಿಗೆ ನವೆಂಬರ್‌ನ ಆ ವಾರ 41 ಗಂಟೆ ಆದರೆ 40ಕ್ಕೆ 600 ಡಾಲರ್, ಉಳಿದ ಒಂದಕ್ಕೆ ಇಪ್ಪತ್ತೆರಡೂವರೆ. ಮಾರ್ಚ್‌ನಲ್ಲಿ ದುಡಿದ 39 ಗಂಟೆಗೆ ಮಾತ್ರ ಕೊಟ್ಟರೂ ಆ ಕೇಂದ್ರ ಕಾನೂನಿಗೆ ಸಾಕು. ಮಾಲಕ ಮನಸ್ಸು ಮಾಡಿ 40ಕ್ಕೆ ಕೊಟ್ಟರೆ, ದುಡಿಯದ ಆ ಗಂಟೆಯನ್ನು ಓವರ್‌ಟೈಮಿನ ಎಣಿಕೆಗೆ ಸೇರಿಸುವಂತಿಲ್ಲ. ದುಡಿದ ಗಂಟೆ ಬೇರೆ, ಕೊಟ್ಟ ಗಂಟೆ ಬೇರೆ ಎನ್ನುವ ಮಾತು ಅಲ್ಲಿಯೂ ಇದೇ. ಕಡಿಮೆಯಾದ ಗಂಟೆಯ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಕೆಲಸಗಾರನ ಕಡೆ ಇನ್ನೂ ಒಂದು ಹೆಜ್ಜೆ ಮುಂದಿದೆ.

ಕಂಪೆನಿಯಿಂದ ಆ ಗಂಟೆ ಪಡೆಯುವುದು

ತಟ್ಟೆ ಲೆಕ್ಕದ ಕಾಂಟ್ರಾಕ್ಟಿನಲ್ಲಿ ಒಂಬತ್ತನೇ ಗಂಟೆಯ ಚಹಾ ಮಾರಾಟವಾಗಿಯೇ ಬರುತ್ತದೆ. ಪಾಳಿಗೆ ಇಷ್ಟು ಜನ, ಇಷ್ಟು ಹಣ ಎಂಬ ಕಾಂಟ್ರಾಕ್ಟಿನಲ್ಲಿ ಮಾತ್ರ ಆ ಗಂಟೆ ನಮ್ಮ ಕಿಸೆಯಿಂದ ಹೋಗುತ್ತದೆ. ಕಾಂಟ್ರಾಕ್ಟು ನವೀಕರಿಸುವಾಗ ಒಂದು ಸಾಲು ಸೇರಿಸಲು ಕೇಳಿ: "ಗ್ರಾಹಕ ದೇಶದ ಸಮಯ ಬದಲಾವಣೆಯಿಂದ ಪಾಳಿ 8 ಗಂಟೆ ಮೀರಿದರೆ ಹೆಚ್ಚಿನ ಗಂಟೆಯ ವೇತನವನ್ನು ಕಂಪೆನಿ ಭರಿಸುವುದು." ತಮ್ಮ ಹುಡುಗರಿಗೆ ಅದೇ ರಾತ್ರಿ ಅದೇ ಲೆಕ್ಕ ಮಾಡಬೇಕಾದವರಿಗೆ ಈ ಮಾತು ಅರ್ಥವಾಗದೆ ಇರುವುದಿಲ್ಲ. ಬದಲಾವಣೆಯ ದಿನಕ್ಕೆ ಎರಡು ವಾರ ಮೊದಲು ಎಡ್ಮಿನ್ ವಿಭಾಗಕ್ಕೆ ಪತ್ರ ಕೊಟ್ಟು, ಪಾಳಿಯ ಹೊಸ ಹೊತ್ತನ್ನು ಭಾರತದ ಸಮಯದಲ್ಲೇ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿ. ಬರೆದ ಕಾಗದ ಇದ್ದರೆ ಬದಲಿಯವನು ಸರಿಯಾದ ಹೊತ್ತಿಗೆ ಬರುತ್ತಾನೆ. ತಿಂಗಳ ಕೊನೆಗೆ ಬಿಲ್ಲಿನ ಜೊತೆ ಅದೇ ಕಾಗದದ ಪ್ರತಿಯನ್ನೂ, ಆ ರಾತ್ರಿಯ ಸಹಿ ಮಾಡಿದ ಹಾಜರಿ ಪುಟದ ಪ್ರತಿಯನ್ನೂ ಲಗತ್ತಿಸಬಹುದು.

ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಈ ನಾಲ್ಕು ಸಾಲು ಬರೆದಿಟ್ಟರೆ ಹೊಸ ಗುಮಾಸ್ತನಿಗೂ ಸಾಕಾಗುತ್ತದೆ. ಬಂದ ಹೊತ್ತು, ಹೋದ ಹೊತ್ತು ಭಾರತದ ಸಮಯದಲ್ಲಿ. ಇಡೀ ಪಾಳಿ ಶುರುವಾದ ದಿನದ ಸಾಲಿನಲ್ಲಿ. ಏಳು ಗಂಟೆಯ ರಾತ್ರಿಗೆ ಪೂರ್ತಿ ದಿನದ ಪಗಾರ. ಒಂಬತ್ತು ಗಂಟೆಯ ರಾತ್ರಿಗೆ ವಾರದ ಮೊತ್ತ ನೋಡಿ, 48 ಮೀರಿದ ಗಂಟೆಗೆ ಎರಡು ಪಟ್ಟು.